ಪತ್ರಿಕೆಯಲ್ಲಿ ಸಹಾಯಕ ನಿರ್ದೇಶಕರು, ವೇದಿಕೆಯಲ್ಲಿ ಉಪನಿರ್ದೇಶಕರು

ಚಿಕ್ಕಮಗಳೂರು ಸುತ್ತಮುತ್ತ ನಾನು ಕಾರ್ಯಕ್ರಮ ನಿರೂಪಣೆ ಮಾಡುತ್ತೇನೆ. ಆಹ್ವಾನ ಪತ್ರಿಕೆಯನ್ನು ಪೂರ್ತಿ ನಂಬಿ ಮೈಕ್ ಹಿಡಿಯುವುದಿಲ್ಲ. ಅದು ಅಚ್ಚಾದ ಮೇಲೆ ಅತಿಥಿಗೆ ಬಡ್ತಿ ಸಿಕ್ಕಿರಬಹುದು, ವರ್ಗವಾಗಿರಬಹುದು, ನಿವೃತ್ತಿಯೂ ಆಗಿರಬಹುದು.

ಹಾಗಾಗಿ ಅತಿಥಿಗಳು ಬಂದು ಕಾಫಿ ಕುಡಿಯುವಾಗಲೇ ಹಾಳೆ, ಪೆನ್ನು ಹಿಡಿದು ಹೋಗುತ್ತೇನೆ. ‘ಇದು ಸರಿಯಿದೆಯಾ ಸರ್?’ ಎಂದು ಪತ್ರಿಕೆ ತೋರಿಸಿದರೆ ಬಹಳ ಜನ ಸರಿಯಾಗಿ ನೋಡದೆ ಹೂಂ ಅಂದುಬಿಡುತ್ತಾರೆ. ಅದಕ್ಕೆ, ‘ನಿಮ್ಮ ಹುದ್ದೆ, ಮಾತಾಡೋ ವಿಷಯ ಎರಡೂ ಇಲ್ಲಿ ಬರೆದುಕೊಡಿ ಸರ್, ಹಾಗೇ ಓದ್ತೀನಿ’ ಅನ್ನುತ್ತೇನೆ. ‘ಪ್ರಭಾರ’, ‘ನಿವೃತ್ತ’ ಅಂತ ಸೇರಿಸಬೇಕೋ ಬೇಡವೋ ಅನ್ನೋದೂ ಅಲ್ಲೇ ಗೊತ್ತಾಗುತ್ತದೆ.

ಮೇ ತಿಂಗಳಲ್ಲಿ ನಡೆದ ಒಂದು ಬೆಳೆಗಾರರ ಸಭೆಯಲ್ಲಿ ಒಬ್ಬ ಅತಿಥಿಯ ಹುದ್ದೆ, ವಿಷಯ ಎರಡೂ ಬದಲಾಗಿತ್ತು. ಪತ್ರಿಕೆಯಲ್ಲಿ ಸಹಾಯಕ ನಿರ್ದೇಶಕರು, ವಿಷಯ ಅರೇಬಿಕಾ ಕಾಫಿ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕ ಹುಳು. ಅವರು ಬರೆದುಕೊಟ್ಟಿದ್ದು ಉಪನಿರ್ದೇಶಕರು, ವಿಷಯ ಕಾಳುಮೆಣಸಿನ ಸೊರಗು ರೋಗ.

ಹುದ್ದೆ ಬದಲಾದರೆ ವೇದಿಕೆಯಲ್ಲಿ ಘೋಷಿಸುವ ಅಗತ್ಯವಿಲ್ಲ. ಸರಿಯಾದದ್ದನ್ನು ಹೇಳಿ ಮುಂದಕ್ಕೆ ಹೋದರೆ ಸಾಕು. ‘ಪತ್ರಿಕೆಯಲ್ಲಿ ತಪ್ಪಾಗಿದೆ, ಕ್ಷಮಿಸಿ’ ಅಂದರೆ ಗಮನಿಸದೆ ಇದ್ದವರೂ ಪತ್ರಿಕೆ ತೆಗೆದು ನೋಡುತ್ತಾರೆ, ಅಲ್ವಾ? ಆದರೆ ಅವರ ಹೆಸರು ಬರುವುದು ನನ್ನ ಬಾಯಲ್ಲಿ ಮಾತ್ರ ಅಲ್ಲ. ಸ್ವಾಗತ ಕೋರುವವರು, ವಂದನಾರ್ಪಣೆ ಮಾಡುವವರು, ಅಧ್ಯಕ್ಷರು ಎಲ್ಲರ ಕೈಯಲ್ಲೂ ಹಳೇ ಹುದ್ದೆಯೇ ಇರುತ್ತದೆ. ಮೂವರ ಹಾಳೆಯಲ್ಲೂ ಪೆನ್ನಿಂದ ತಿದ್ದಿಸಿದೆ. ಮೇಜಿನ ಮೇಲಿದ್ದ ಹೆಸರಿನ ಫಲಕದ ಮೇಲೆ ಹೊಸ ಚೀಟಿ ಅಂಟಿಸಿದೆವು. ಹಿಂದಿನ ಫ್ಲೆಕ್ಸ್ ಹಾಗೇ ಉಳಿಯಿತು, ಅದಕ್ಕೇನೂ ಮಾಡೋಕಾಗಲ್ಲ. ಬಡ್ತಿಯಿಂದ ಇನ್ನೊಂದು ತೊಡಕು: ಹೆಸರು ಹೇಳುವ ಸರದಿ. ವೇದಿಕೆಯಲ್ಲಿದ್ದ ಇನ್ನೊಬ್ಬ ಅಧಿಕಾರಿಗಿಂತ ಈಗ ಇವರು ಹಿರಿಯರು. ಸರದಿಯನ್ನು ನಾನೇ ಬದಲಿಸಲಿಲ್ಲ, ಸಂಘದ ಕಾರ್ಯದರ್ಶಿಯನ್ನು ಕೇಳಿದೆ. ಅದು ಆತಿಥೇಯರು ತೀರ್ಮಾನ ಮಾಡಬೇಕಾದ ಮಾತು.

ವಿಷಯ ಬದಲಾದರೆ ಹಾಗೆ ಸುಮ್ನೆ ಇರುವಂತಿಲ್ಲ. ಕಾಂಡಕೊರಕದ ಬಗ್ಗೆ ಕೇಳೋಕೇ ಬಂದವರು ಸಭೆಯಲ್ಲಿ ಇರುತ್ತಾರೆ. ಮೊದಲು ಮೆಣಸಿನ ಬಗ್ಗೆ ಬೇರೆ ಯಾರಾದರೂ ಮಾತಾಡುತ್ತಾರಾ ನೋಡಿದೆ, ಇರಲಿಲ್ಲ. ಆಮೇಲೆ ಅವರನ್ನೇ ಕೇಳಿದೆ: ‘ಸರ್, ಕೊನೇಲಿ ಐದು ನಿಮಿಷ ಕಾಂಡಕೊರಕದ ಪ್ರಶ್ನೆ ತಗೋತೀರಾ?’ ಒಪ್ಪಿದರು. ವೇದಿಕೆಯಲ್ಲಿ ಹೇಳಿದ್ದು ಇಷ್ಟೇ: ‘ಮಳೆ ಹಿಡಿಯುವ ಮುಂಚೆ ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವ ಸಮಯ ಇದು. ಉಪನಿರ್ದೇಶಕರು ಇವತ್ತು ಸೊರಗು ರೋಗದ ಬಗ್ಗೆ ಮಾತಾಡುತ್ತಾರೆ. ಕಾಂಡಕೊರಕದ ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತಾರೆ.’ ಬದಲಾವಣೆಗೆ ಕಾರಣ ನಿಜವಾಗಿದ್ದರೆ ಮಾತ್ರ ಹೀಗೆ ಹೇಳಬಹುದು. ಕಾರಣ ಗೊತ್ತಿಲ್ಲದಿದ್ದರೆ ಹೊಸ ವಿಷಯದ ಹೆಸರಷ್ಟೇ ಹೇಳಿ ಮೈಕ್ ಕೊಡುತ್ತೇನೆ.

ಸಭೆ ಮುಗಿಯುವ ಮುಂಚೆಯೇ ಪತ್ರಕರ್ತರಿಗೂ ಒಂದು ಚೀಟಿ ಹೋಗಬೇಕು. ಅವರಲ್ಲಿ ಕೆಲವರು ಅರ್ಧದಲ್ಲೇ ಎದ್ದು ಹೋಗುತ್ತಾರೆ, ಸುದ್ದಿಗೆ ಹೆಸರು, ಹುದ್ದೆಯನ್ನು ಆಹ್ವಾನ ಪತ್ರಿಕೆ ನೋಡಿಯೇ ಬರೆಯುತ್ತಾರೆ.