ಕವನಕ್ಕೆ ಮುಂಚಿನ ಎರಡು ನಿಮಿಷ

ಜನವರಿ 31 ಬೇಂದ್ರೆಯವರು ಹುಟ್ಟಿದ ದಿನ. ಕೆಲವು ವರ್ಷಗಳ ಹಿಂದೆ ಮೈಸೂರು ಕಡೆಯ ಒಂದು ಕಾಲೇಜಿನಲ್ಲಿ ಅವತ್ತು ಕವನ ವಾಚನ ಇತ್ತು. ನಿರೂಪಣೆ ನನ್ನದು. ಒಬ್ಬ ಹುಡುಗಿ ‘ನೀ ಹೀಂಗ ನೋಡಬ್ಯಾಡ ನನ್ನ’ ಓದುವವಳಿದ್ದಳು. ನಾನು ಬೇಂದ್ರೆಯವರ ಜ್ಞಾನಪೀಠ, ಪದ್ಮಶ್ರೀ, ಹುಟ್ಟಿದ ಇಸವಿ ಎಲ್ಲ ಹೇಳಿ ಮೈಕ್ ಕೊಟ್ಟೆ. ಅವಳು ಮೊದಲ ಸಾಲು ಓದಿದ್ದೇ ತಡ, ಹಿಂದಿನ ಬೆಂಚಿನಿಂದ ಶಿಳ್ಳೆ ಬಂತು. ಹುಡುಗರು ಅದನ್ನು ಪ್ರೇಮಗೀತೆ ಅಂದುಕೊಂಡಿದ್ದರು. ಕೂಸಿನ ಮಾತು ಬರುವ ಹೊತ್ತಿಗೆ ಶಿಳ್ಳೆ ನಿಂತಿತು, ಆದರೆ ಅಷ್ಟರಲ್ಲಿ ಕವನ ಅರ್ಧ ಸತ್ತಿತ್ತು.

ತಪ್ಪು ಹುಡುಗರದ್ದಲ್ಲ. ಮೊದಲ ಸಾಲು ಇರುವುದೇ ಹಾಗೆ. ಅವರ ಕಿವಿಯನ್ನು ಸರಿಯಾದ ಕಡೆ ತಿರುಗಿಸುವ ಕೆಲಸ ನನ್ನದಿತ್ತು, ನಾನು ಮಾಡಿರಲಿಲ್ಲ. ಅದೇ ಕವನಕ್ಕೆ ಇವತ್ತು ನಾನು ಹೇಗೆ ತಯಾರಾಗುತ್ತೇನೆ ಅಂತ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಕವನ, ಆಮೇಲೆ ಕವಿ

ಪರಿಚಯ ಬರೆಯಲು ಕೂರುವ ಮುಂಚೆ ಯಾವ ಕವನ ಓದುತ್ತಾರೆ ಅಂತ ಕೇಳಿ. ಹತ್ತು ಕವನ ಇದ್ದರೆ ಮೊದಲನೆಯದು ಯಾವುದು ಅಂತ ಕೇಳಿ. ಹೆಚ್ಚಿನ ನಿರೂಪಕರು ಇದನ್ನು ಉಲ್ಟಾ ಮಾಡುತ್ತಾರೆ. ಬಯೋಡೇಟಾ ತರಿಸಿಕೊಂಡು ಅದನ್ನೇ ಓದುತ್ತಾರೆ. ಅದರಲ್ಲಿರುವುದು ಕೆಲಸಕ್ಕೆ ಅರ್ಜಿ ಹಾಕುವಾಗ ಬೇಕಾದ ವಿಷಯ. ಕವನ ಕೇಳುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ಕವನ ಕೈಗೆ ಬಂದ ಮೇಲೆ ಎರಡು ಸಲ ಜೋರಾಗಿ ಓದಿ. ಮನಸ್ಸಲ್ಲೇ ಓದಿದರೆ ಸಾಲದು. ಕಣ್ಣು ಹಿಂದಕ್ಕೆ ಹೋಗಿ ನೋಡಿಬಿಡುತ್ತದೆ, ಕಿವಿಗೆ ಆ ಸೌಲಭ್ಯ ಇಲ್ಲ. ಎಲ್ಲಿ ಎಡವಿದಿರೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಕೇಳುವವರೂ ಅಲ್ಲೇ ಎಡವುತ್ತಾರೆ.

ಈ ಕವನದಲ್ಲಿ ನನ್ನ ಪೆನ್ಸಿಲ್ ನಿಂತದ್ದು ಮೂರು ಕಡೆ. ಒಂದು, ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಮೊದಲ ಸಾಲುಗಳಲ್ಲಿ ಗೊತ್ತಾಗುವುದಿಲ್ಲ. ಎರಡು, ‘ಗಿಣಿಗಡಕ ಹಣ್ಣು’. ಗಿಳಿ ಕಚ್ಚಿದ, ಚೆನ್ನಾಗಿ ಕೆಂಪಾದ ಹಣ್ಣು ಅಂತ ನಮ್ಮ ಕಡೆಯವರಿಗೆ ತಕ್ಷಣ ಹೊಳೆಯುವುದಿಲ್ಲ. ಮೂರನೆಯದು ಚಿಕ್ಕ ಪದ, ಆದರೆ ಅದೇ ದೊಡ್ಡ ಗುಂಡಿ: ‘ಮಾರಿ’. ಧಾರವಾಡದಲ್ಲಿ ಮಾರಿ ಅಂದರೆ ಮುಖ. ಮೈಸೂರು ಕಡೆ ಮಾರಿ ಅಂದರೆ ಮಾರಮ್ಮ, ಇಲ್ಲವೇ ರೋಗ. ಬೇಂದ್ರೆ ಎರಡೂ ಅರ್ಥವನ್ನು ಒಂದೇ ಸಾಲಿನಲ್ಲಿ ಆಡಿಸುತ್ತಾರೆ. ಮುಖ ಅನ್ನುವ ಅರ್ಥ ಗೊತ್ತಿಲ್ಲದವನಿಗೆ ಅರ್ಧ ಸಾಲು ಕೈತಪ್ಪುತ್ತದೆ.

ಕವಿಯ ಬಗ್ಗೆ ಒಂದೇ ಸಂಗತಿ

ಈಗ ಕವಿಯ ಕಡೆ ಬನ್ನಿ. ಬೇಂದ್ರೆಯವರ ಬಗ್ಗೆ ಹೇಳಲು ಏನೂ ಕಮ್ಮಿ ಇಲ್ಲ. ಅಂಬಿಕಾತನಯದತ್ತ ಅನ್ನುವ ಕಾವ್ಯನಾಮ, ‘ನರಬಲಿ’ ಕವನಕ್ಕೆ ಅನುಭವಿಸಿದ ಜೈಲು, ‘ನಾಕುತಂತಿ’ಗೆ ಬಂದ ಜ್ಞಾನಪೀಠ. ಎಲ್ಲ ನಿಜ, ಎಲ್ಲ ಒಳ್ಳೆಯದೇ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರಲ್ಲಿ ಯಾವುದು ಈ ಕವನದ ಮೊದಲ ಸಾಲಿಗೆ ಹೋಗಿ ತಾಗುತ್ತದೆ?

ಜೈಲು ತಾಗುವುದಿಲ್ಲ. ಜ್ಞಾನಪೀಠವೂ ತಾಗುವುದಿಲ್ಲ. ತಾಗುವುದು ಅವರ ಭಾಷೆ. ಹಾಗಾಗಿ ನನ್ನ ಪರಿಚಯ ಇಷ್ಟೇ:

“ಬೇಂದ್ರೆಯವರ ಮನೆಮಾತು ಮರಾಠಿ. ಆದರೆ ಕವನಕ್ಕೆ ಅವರು ಹಿಡಿದದ್ದು ಧಾರವಾಡದ ಓಣಿಯ ಕನ್ನಡ. ಜನ ಕಟ್ಟೆ ಮೇಲೆ ಕೂತು ಆಡುವ ಮಾತು. ಅಲ್ಲಿ ‘ಹೀಗೆ’ ಅನ್ನುವುದು ‘ಹೀಂಗ’ ಆಗುತ್ತದೆ. ‘ಬೇಡ’ ಅನ್ನುವುದು ‘ಬ್ಯಾಡ’. ‘ಮುಖ’ಕ್ಕೆ ಅಲ್ಲಿ ‘ಮಾರಿ’ ಅಂತಾರೆ. ಈಗ ಕೇಳುವ ಕವನ ಪೂರ್ತಿ ಆ ಮಾತಿನಲ್ಲೇ ಇದೆ.”

ನೋಡಿ, ಕವಿಯ ಪರಿಚಯವೂ ಆಯಿತು, ಕಿವಿ ಧಾರವಾಡದ ದನಿಗೆ ಹೊಂದಿಕೊಂಡಿತು, ಕಷ್ಟದ ಪದವೂ ಸದ್ದಿಲ್ಲದೆ ಒಳಗೆ ಹೋಯಿತು. ಪದಗಳ ಅರ್ಥ ಹೇಳುವಾಗ ಪಾಠ ಮಾಡುವ ದನಿ ಬರಬಾರದು. ಪಟ್ಟಿ ಓದಿದರೆ ಜನ ಪರೀಕ್ಷೆಗೆ ಕೂತವರ ಹಾಗೆ ಆಗುತ್ತಾರೆ. ಎರಡಕ್ಕಿಂತ ಜಾಸ್ತಿ ಪದ ಬಿಡಿಸಬೇಕಾಗಿ ಬಂದರೆ ಆ ಕವನ ಮೊದಲನೆಯದಾಗಿ ಓದಲು ಸರಿಯಲ್ಲ ಅಂತಲೇ ನನ್ನ ಲೆಕ್ಕ.

ಒಂದು ವಿಷಯ ಗಮನಿಸಿ. ‘ಮಾರಿ’ ಅಂದರೆ ಮುಖ ಅಂತ ಮಾತ್ರ ಹೇಳಿದೆ. ಅದರ ಶ್ಲೇಷೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಇನ್ನೊಂದು ಅರ್ಥ ಕೇಳುವವರಿಗೆ ಮೊದಲೇ ಗೊತ್ತಿದೆ, ಸಾಲು ಬಂದಾಗ ಎರಡೂ ತಾವಾಗಿಯೇ ಕೂಡಿಕೊಳ್ಳುತ್ತವೆ. ಆ ಖುಷಿ ಅವರದ್ದು.

ಕವನದ ಬಾಗಿಲು

ಪರಿಚಯದ ನಂತರ ಒಂದು ಉಸಿರು ಬಿಟ್ಟು ಕವನಕ್ಕೆ ಬನ್ನಿ. ಇಲ್ಲಿ ಹೇಳಬೇಕಾದದ್ದು ಸನ್ನಿವೇಶ. ಅರ್ಥ ಹೇಳುವ ಹಾಗಿಲ್ಲ. ಯಾರು, ಯಾರಿಗೆ, ಎಲ್ಲಿ. ನಾನು ಹೇಳುವುದು ಹೀಗೆ:

“ಒಂದು ಮನೆ. ಕೂಸು ಮಲಗಿದೆ. ಅದಕ್ಕೆ ಹುಷಾರಿಲ್ಲ. ಹೆಂಡತಿ ಮಾತಾಡುತ್ತಿಲ್ಲ, ಗಂಡನನ್ನು ಸುಮ್ಮನೆ ನೋಡುತ್ತಾಳೆ. ಮಾತಾಡುವವನು ಗಂಡ. ಆಕೆಯ ತುಟಿ ಒಂದು ಕಾಲಕ್ಕೆ ಗಿಣಿಗಡಕ ಹಣ್ಣಿನ ಹಾಗಿತ್ತು ಅಂತಾನೆ. ಗಿಳಿ ಕಚ್ಚಿದ ಕೆಂಪು ಹಣ್ಣು. ‘ನೀ ಹೀಂಗ ನೋಡಬ್ಯಾಡ ನನ್ನ’.”

ಅಷ್ಟೇ. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಕೊನೆಯ ಮಾತು ಕವನದ ಹೆಸರೇ ಆಗಿರಬೇಕು, ಅದೂ ಕವನದ್ದೇ ಭಾಷೆಯಲ್ಲಿ. ‘ನೀನು ಹೀಗೆ ನೋಡಬೇಡ ನನ್ನನ್ನು’ ಅಂತ ಶಿಷ್ಟ ಕನ್ನಡದಲ್ಲಿ ಹೇಳಿದವರನ್ನೂ ಕೇಳಿದ್ದೇನೆ! ಹೆಸರು ಹೇಳಿದ ಮೇಲೆ “ಈಗ ಕೇಳೋಣ, ಆನಂದಿಸೋಣ” ಬೇಡ. ಈ ಕವನವನ್ನು ಆನಂದಿಸುವುದು ಹೇಗೆ, ನೀವೇ ಹೇಳಿ.

ಈ ಕವನದ ಹಿಂದೆ ಕವಿಯ ಸ್ವಂತ ನೋವಿದೆ, ಬೇಂದ್ರೆ ದಂಪತಿ ಮಕ್ಕಳನ್ನು ಕಳೆದುಕೊಂಡವರು. ಅದನ್ನು ಮೊದಲೇ ಹೇಳುವ ಆಸೆ ಎಲ್ಲರಿಗೂ ಆಗುತ್ತದೆ, ಸಭೆ ತಕ್ಷಣ ಗಂಭೀರವಾಗುತ್ತದೆ ನೋಡಿ. ನಾನು ಹೇಳುವುದಿಲ್ಲ. ಕಾರಣ ಕವನದೊಳಗೇ ಇದೆ. ಗಂಡ “ಮಲಗಿರುವ ಕೂಸು ಮಲಗಿರಲಿ ಅಲ್ಲೆ” ಅನ್ನುತ್ತಾನೆ. ಆಮೇಲೆ ‘ಸಾವು’ ಅನ್ನುವ ಪದ ಬರುತ್ತದೆ, ಆದರೆ ಕೂಸಿನ ಮೇಲಲ್ಲ, ಹೆಂಡತಿಯ ಮುಖದ ಮೇಲೆ. ಅಲ್ಲೇ ಸಾವು ಕೈ ಸವರಿದ ಹಾಗೆ ಅವನಿಗೆ ಕಾಣುತ್ತದೆ. ನಿರೂಪಕ ಮೊದಲೇ “ಮಗು ತೀರಿಕೊಂಡ ದುಃಖದಲ್ಲಿ ಬರೆದದ್ದು” ಅಂದುಬಿಟ್ಟರೆ ಕೇಳುವವನು ಆ ಪದಕ್ಕಾಗಿ ಕಾದು ಕೂರುತ್ತಾನೆ. ಪದ ಬಂದಾಗ ಬೆಚ್ಚುವುದಿಲ್ಲ. ಆ ಕಥೆ ಹೇಳಲೇಬೇಕಿದ್ದರೆ ಕವನ ಮುಗಿದ ಮೇಲೆ ಹೇಳಿ.

ಹಾಗಾದರೆ ಹುಷಾರಿಲ್ಲದ ಕೂಸಿನ ಮಾತು ಯಾಕೆ ಹೇಳಿದೆ? ಅಷ್ಟೂ ಹೇಳದಿದ್ದರೆ ಶಿಳ್ಳೆ ಬರುತ್ತದೆ. ಕೇಳುಗ ದಾರಿ ತಪ್ಪದಿರಲು ಎಷ್ಟು ಬೇಕೋ ಅಷ್ಟು ಕೊಡಬೇಕು, ಒಂದು ಹನಿಯೂ ಜಾಸ್ತಿ ಬೇಡ. ಒಂದು ಪರೀಕ್ಷೆ ಇದೆ. ನೀವು ಬರೆದ ಪೀಠಿಕೆಯನ್ನು ಕವನ ಓದಿರದ ಒಬ್ಬರಿಗೆ ಹೇಳಿ, “ಮುಂದೇನಾಗುತ್ತೆ?” ಅಂತ ಕೇಳಿ. ಅವರು ಕವನದ ಕೊನೆ ಹೇಳಿಬಿಟ್ಟರೆ ಪೀಠಿಕೆ ಜಾಸ್ತಿಯಾಗಿದೆ. “ಯಾರ ಬಗ್ಗೆ ಹೇಳ್ತಿದೀಯ?” ಅಂತ ಕೇಳಿದರೆ ಕಮ್ಮಿಯಾಗಿದೆ.

ಕವಿ ವೇದಿಕೆಯಲ್ಲೇ ಇದ್ದರೆ

ಆಗ ಕೆಲಸ ಅರ್ಧ ಸುಲಭ, ಅರ್ಧ ಕಷ್ಟ. ಹಿಂದಿನ ದಿನವೇ ಫೋನ್ ಮಾಡಿ ಮುಖ್ಯವಾಗಿ ಇದನ್ನು ಕೇಳಿ: “ಸಾರ್, ಕವನದ ಬಗ್ಗೆ ನೀವೇ ನಾಲ್ಕು ಮಾತು ಹೇಳ್ತೀರಾ, ನಾನು ಹೇಳಲಾ?” ಇಬ್ಬರೂ ಹೇಳಿದರೆ ಕವನಕ್ಕಿಂತ ಪೀಠಿಕೆ ಉದ್ದವಾಗುತ್ತದೆ. ಕವಿ ತಾವೇ ಹೇಳುವುದಾದರೆ ನೀವು ಸನ್ನಿವೇಶದ ಭಾಗ ಪೂರ್ತಿ ಬಿಟ್ಟುಬಿಡಿ, ಒಂದು ಸಾಲೂ ಬೇಡ. ಹೆಸರನ್ನು, ಊರನ್ನು ಅವರ ಬಾಯಲ್ಲೇ ಒಮ್ಮೆ ಹೇಳಿಸಿಕೊಂಡು ಬರೆದಿಟ್ಟುಕೊಳ್ಳಿ.

ಯಾವ ಕವನ ಓದುತ್ತಾರೆ ಅಂತ ಕೇಳದೆ ನಾನು ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಕವಿಯ ಹೊಸ ಸಂಕಲನ ಓದಿಕೊಂಡು ಹೋಗಿದ್ದೆ. ಉತ್ಸಾಹದಲ್ಲಿ ಒಂದು ಕವನದ ಕೊನೆಯ ಎರಡು ಸಾಲನ್ನೇ ಪರಿಚಯದಲ್ಲಿ ಹೇಳಿದೆ, ಚಪ್ಪಾಳೆಯೂ ಬಿತ್ತು. ಕವಿ ಎದ್ದು ಬಂದು ಮೈಕಿನಲ್ಲಿ “ನಾನು ಓದಬೇಕು ಅಂತಿದ್ದದ್ದು ಅದನ್ನೇ. ಇವರು ಮುಗಿಸಿಬಿಟ್ಟರು” ಅಂದರು. ಸಭೆ ನಕ್ಕಿತು. ನನಗೆ ಕೂರಲು ಕುರ್ಚಿ ಸಿಗಲಿಲ್ಲ ಅನ್ನಿಸಿತು. ಆವತ್ತಿನಿಂದ ಓದಲಿರುವ ಕವನದ ಸಾಲನ್ನು ಪರಿಚಯದಲ್ಲಿ ಬಳಸುವುದಿಲ್ಲ. ಸಾಲು ಬೇಕೇ ಬೇಕಾದರೆ ಅವತ್ತು ಓದದ ಕವನದಿಂದ ತೆಗೆದುಕೊಳ್ಳುತ್ತೇನೆ.

ಇನ್ನು ಪ್ರಶಸ್ತಿಗಳು. ಒಂದೂ ಹೇಳದಿದ್ದರೆ ಕೆಲವು ಕವಿಗಳಿಗೆ, ಅದಕ್ಕಿಂತ ಜಾಸ್ತಿ ಸಂಘಟಕರಿಗೆ ಬೇಜಾರಾಗುತ್ತದೆ. ಪಟ್ಟಿಯನ್ನು ಆಹ್ವಾನ ಪತ್ರಿಕೆಯಲ್ಲಿ ಹಾಕಿಸಿ, ಇಲ್ಲವೇ ಸನ್ಮಾನದ ಹೊತ್ತಿನಲ್ಲಿ ಹೇಳಿ. ಆದರೆ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಪರಿಚಯಕ್ಕೆ ಮುಂಚೆಯೇ ಮುಗಿಯಬೇಕು. ಪರಿಚಯ ಮತ್ತು ಕವನದ ನಡುವೆ ಫೋಟೋದವರು ನುಗ್ಗಿದರೆ ನೀವು ಕಟ್ಟಿದ್ದೆಲ್ಲ ನೀರುಪಾಲು.

ಮೈಕಿನ ಮುಂದೆ

ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಓದಿ ನೋಡಿ. ನಿಧಾನವಾಗಿ ಓದಿದರೆ ನನಗೆ ನಿಮಿಷಕ್ಕೆ ಹೆಚ್ಚುಕಮ್ಮಿ 90 ಪದ ಬರುತ್ತವೆ. ಮೇಲಿನ ಎರಡೂ ಭಾಗ ಸೇರಿ ಒಂದು ನಿಮಿಷದ ಆಸುಪಾಸು. ಎರಡು ನಿಮಿಷ ದಾಟಿದರೆ ಕತ್ತರಿ ತೆಗೆದುಕೊಳ್ಳಿ.

ಓದುವವರು ನಿಮಗಿಂತ ಗಿಡ್ಡ ಇದ್ದರೆ ಮೈಕಿನ ಎತ್ತರ ನೀವೇ ಸರಿಮಾಡಿ ಇಳಿಯಿರಿ. ಅವರು ಸ್ಕ್ರೂ ತಿರುಗಿಸುತ್ತಾ ನಿಂತರೆ ಆ ಕಿರ್ ಸದ್ದೇ ಕವನದ ಮೊದಲ ಸಾಲಾಗುತ್ತದೆ.

ಇಳಿದು ಹೋಗಿ ಪಕ್ಕದಲ್ಲಿ ನಿಂತು ಹಿಂದಿನ ಎರಡು ಸಾಲಿನ ಜನರನ್ನು ನೋಡಿ. ಮುಂದಿನವರು ಮರ್ಯಾದೆಗೆ ತಲೆಯಾಡಿಸುತ್ತಾರೆ, ಅವರಿಂದ ಏನೂ ತಿಳಿಯುವುದಿಲ್ಲ. ಹಿಂದಿನವರು ಪಕ್ಕದವನ ಕಡೆ ತಿರುಗಿ ಏನೋ ಕೇಳಿದರೆ ಒಂದು ಪದ ಬಿಟ್ಟಿದ್ದೀರಿ ಅಂತ ಅರ್ಥ.

ಹೋದ ವರ್ಷ ಅದೇ ಕವನ, ಬೇರೆ ಊರು, ಒಂದು ಗ್ರಂಥಾಲಯದ ಹಾಲ್. ‘ಮಾರಿ’ಯ ಸಾಲು ಬಂದಾಗ ಹಿಂದೆ ಕೂತಿದ್ದ ಒಬ್ಬ ಅಜ್ಜಿ ತನ್ನ ಕೆನ್ನೆ ಮುಟ್ಟಿಕೊಂಡರು. ಕವನ ಮುಗಿಯಿತು. ನಾನು ಮೈಕಿಗೆ ಹೋಗಲು ಹೆಜ್ಜೆ ಎತ್ತಿದೆ, ಮತ್ತೆ ಇಟ್ಟೆ. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.