ರಿಪೀಟ್ ಆರ್ಡರ್‌ಗೆ ಎಷ್ಟು ರೇಟ್ ಹಾಕಬೇಕು? 80 ಪರ್ಸೆಂಟ್ ಲೆಕ್ಕ ಮಾಡುವುದು ಹೀಗೆ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಸಣ್ಣ ವರ್ಕ್‌ಶಾಪ್‌ಗಳಿಗೆ ಕಾಸ್ಟಿಂಗ್ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಅಲ್ಲಿ ಪದೇಪದೇ ಕೇಳುವ ಮಾತು ಒಂದಿದೆ. "ಹೋದ ಸಲ ಮಾಡಿದ ಮಾಲೇ ಅಲ್ವಾ ಸಾರ್, ಈಗ ನಿಮ್ಮ ಹುಡುಗರಿಗೆ ಕೈ ಕುದುರಿದೆ, ಇಪ್ಪತ್ತು ಪರ್ಸೆಂಟ್ ಇಳಿಸಿಬಿಡಿ." ಕೇಳುವವರು ಪೂರ್ತಿ ತಪ್ಪೂ ಅಲ್ಲ. ಕೈ ಕುದುರಿರುವುದು ನಿಜ. ಆದರೆ ಇಪ್ಪತ್ತು ಇಳಿಯುವುದು ಎಲ್ಲಿ ಅನ್ನುವುದು ಗೊತ್ತಿಲ್ಲದೆ ಹೂಂ ಅಂದರೆ, ಮೂವತ್ತು ಪೀಸ್ ಮಾಡಿಕೊಟ್ಟ ಮೇಲೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಒಂದು ಉದಾಹರಣೆ ಹಿಡಿದೇ ಹೋಗೋಣ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಇಟ್ಟುಕೊಂಡಿದ್ದೇನೆ. ಹೂಟಗಳ್ಳಿಯ ಒಂದು ವರ್ಕ್‌ಶಾಪ್ ಪಂಪ್ ಮೋಟರ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುತ್ತದೆ. ಮಂಡ್ಯದ ಗಿರಾಕಿ ಮೊದಲು 10 ಪ್ಯಾನೆಲ್ ತಗೊಂಡರು. ಈಗ ಅದೇ ಡ್ರಾಯಿಂಗ್‌ಗೆ ಇನ್ನೂ 30 ಬೇಕು ಅನ್ನುತ್ತಿದ್ದಾರೆ. ಎಷ್ಟು ರೇಟ್ ಹಾಕುವುದು?

ಮೊದಲು ಜಾಬ್ ಕಾರ್ಡ್ ತೆಗೆಯಿರಿ

80 ಪರ್ಸೆಂಟ್ ಲರ್ನಿಂಗ್ ಕರ್ವ್ ಅನ್ನುವುದು ಟಿ.ಪಿ. ರೈಟ್ ಎಂಬ ಎಂಜಿನಿಯರ್ 1936ರಲ್ಲಿ ವಿಮಾನ ತಯಾರಿಕೆಯ ಖರ್ಚಿನ ಬಗ್ಗೆ ಬರೆದ ಲೇಖನದಿಂದ ಬಂದ ಲೆಕ್ಕ. ಅದು ಹೇಳುವುದು ಇಷ್ಟು. ಒಟ್ಟು ಮಾಡಿದ ಪೀಸ್‌ಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ, ಮೊದಲ ಪೀಸ್‌ನಿಂದ ಹಿಡಿದು ಲೆಕ್ಕ ಹಾಕಿದ ಸರಾಸರಿ ಕೂಲಿ ಗಂಟೆ, ಹಿಂದಿನ ಸರಾಸರಿಯ 80 ಪರ್ಸೆಂಟ್‌ಗೆ ಇಳಿಯುತ್ತದೆ. "ಮೊದಲ ಪೀಸ್‌ನಿಂದ ಹಿಡಿದು" ಅನ್ನುವುದನ್ನು ದಯವಿಟ್ಟು ಇನ್ನೊಮ್ಮೆ ಓದಿ, ಮುಂದಿನ ಅರ್ಧ ತಪ್ಪುಗಳು ಅಲ್ಲೇ ಹುಟ್ಟುತ್ತವೆ.

ವಿಮಾನಕ್ಕೆ 80 ಆಯಿತು ಅಂತ ನಿಮ್ಮ ಪ್ಯಾನೆಲ್‌ಗೂ 80 ಆಗಬೇಕಿಲ್ಲ. ಹಾಗಾಗಿ ಸ್ವಂತ ಜಾಬ್ ಕಾರ್ಡ್ ನೋಡಿ. ನಮ್ಮ ವರ್ಕ್‌ಶಾಪ್‌ನಲ್ಲಿ ಮೊದಲ 5 ಪ್ಯಾನೆಲ್‌ಗೆ 250 ಗಂಟೆ ಹಿಡಿದಿತ್ತು, ಆಮೇಲಿನ 5ಕ್ಕೆ 150 ಗಂಟೆ. ಶುರುವಿನಲ್ಲಿ ವೈರ್‌ಮ್ಯಾನ್ ಒಂದೊಂದು ವೈರ್‌ಗೂ ಡ್ರಾಯಿಂಗ್ ನೋಡುತ್ತಾನೆ, ಉದ್ದ ಜಾಸ್ತಿ ಕತ್ತರಿಸಿ ಆಮೇಲೆ ಮತ್ತೆ ಕತ್ತರಿಸುತ್ತಾನೆ, ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಆರನೆಯದಕ್ಕೆ ಬರುವಷ್ಟರಲ್ಲಿ ಅಳತೆ ಗುರುತು ಹಾಕಿದ ಹಲಗೆ ತಯಾರಿರುತ್ತದೆ, ವೈರ್‌ಗಳನ್ನು ಕಂತೆಯಾಗಿಯೇ ಕತ್ತರಿಸಿ, ನಂಬರ್ ಹಾಕಿ ಇಟ್ಟುಕೊಂಡಿರುತ್ತಾರೆ.

ಈಗ ಮೊದಲ ಐದರ ಸರಾಸರಿ 50 ಗಂಟೆ. ಹತ್ತೂ ಸೇರಿ 400 ಗಂಟೆ, ಅಂದರೆ ಸರಾಸರಿ 40. ನಲವತ್ತನ್ನು ಐವತ್ತರಿಂದ ಭಾಗಿಸಿದರೆ 0.8. ಸರಿ, ನಮ್ಮದು 80ರ ಕರ್ವ್. ಕೆಲವರು ಎರಡನೇ ಐದರ ಸರಾಸರಿ 30 ತೆಗೆದು, 50ರಿಂದ ಭಾಗಿಸಿ "ನಮ್ಮದು 60 ಪರ್ಸೆಂಟ್" ಅಂತ ಖುಷಿಪಡುತ್ತಾರೆ. ಅದು ತಪ್ಪು. ಅದರ ಮೇಲೆ ಕೊಟೇಶನ್ ಕೊಟ್ಟರೆ ನಷ್ಟ ಖಂಡಿತ.

ಇನ್ನೊಂದು ಮಾತು. ಈ 400ರಲ್ಲಿ ಕೈಕೆಲಸದ ಗಂಟೆ ಮಾತ್ರ ಇರಬೇಕು. ಬಾಕ್ಸ್‌ಗೆ ಪೌಡರ್ ಕೋಟಿಂಗ್ ಹೊರಗೆ ಮಾಡಿಸಿದರೆ ಅದು ಮಾಲಿನ ಖರ್ಚಿಗೆ ಹೋಗಲಿ. ಮೆಷಿನ್ ತನ್ನ ವೇಗದಲ್ಲಿ ಮಾಡುವ ಕೆಲಸಕ್ಕೂ ಈ ಇಳಿಕೆ ಇಲ್ಲ, ಅದು ನೂರನೆಯದಕ್ಕೂ ಅಷ್ಟೇ ಹೊತ್ತು ತಗೊಳ್ಳುತ್ತದೆ.

ಒಟ್ಟಿನಿಂದ ಒಟ್ಟು ಕಳೆಯಿರಿ

10 ಪ್ಯಾನೆಲ್‌ಗೆ ಸರಾಸರಿ 40 ಗಂಟೆ. ಒಟ್ಟು 20 ಆದಾಗ ಸರಾಸರಿ 32. ಒಟ್ಟು 40 ಆದಾಗ 25.6. ಹಳೆಯ 10 ಮತ್ತು ಹೊಸ 30 ಸೇರಿದರೆ 40 ತಾನೇ, ಅಲ್ಲಿಗೆ ಸರಿಯಾಗಿ ಎರಡು ಸಲ ದುಪ್ಪಟ್ಟಾಯಿತು.

ಇಲ್ಲಿ ತುಂಬಾ ಜನ 25.6ನ್ನು 30ರಿಂದ ಗುಣಿಸಿ 768 ಗಂಟೆ ಅಂತ ಬರೆದುಬಿಡುತ್ತಾರೆ. ಆದರೆ 25.6 ಅನ್ನುವುದು ನಲವತ್ತೂ ಪ್ಯಾನೆಲ್‌ಗಳ ಸರಾಸರಿ, ಶುರುವಿನ ನಿಧಾನದ ಹತ್ತೂ ಅದರಲ್ಲಿವೆ. ಹಾಗಾಗಿ ಮಾಡಬೇಕಾದ್ದು ಹೀಗೆ. ನಲವತ್ತಕ್ಕೆ ಒಟ್ಟು 40 × 25.6 = 1,024 ಗಂಟೆ. ಅದರಲ್ಲಿ ಆಗಲೇ ಮುಗಿದಿರುವ 400 ಕಳೆಯಿರಿ. ಉಳಿದದ್ದು 624. ಅದೇ ಹೊಸ 30ಕ್ಕೆ ಬೇಕಾದ ಗಂಟೆ, ಒಂದಕ್ಕೆ 20.8. ಹಳೆಯ ಸರಾಸರಿಯನ್ನೇ ಹಿಡಿದಿದ್ದರೆ 1,200 ಗಂಟೆ ಅಂತ ಬರೆದು ಆರ್ಡರ್ ಬೇರೆಯವರ ಪಾಲಾಗುತ್ತಿತ್ತು.

ಸಂಖ್ಯೆ ಸರಿಯಾಗಿ ದುಪ್ಪಟ್ಟಾಗದಿದ್ದರೆ ಎಕ್ಸೆಲ್ ಬೇಕು. ಗಿರಾಕಿ 30ರ ಬದಲು 20 ಕೇಳಿದರು ಅನ್ನಿ, ಒಟ್ಟು 30 ಆಗುತ್ತದೆ. ಒಂದು ಸೆಲ್‌ನಲ್ಲಿ ಇದನ್ನು ಹಾಕಿ:

```
=40*(30/10)^(LOG(0.8)/LOG(2))
```

28.08 ಬರುತ್ತದೆ. 30ರಿಂದ ಗುಣಿಸಿ 400 ಕಳೆದರೆ ಸುಮಾರು 442 ಗಂಟೆ. 40 ಇರುವಲ್ಲಿ ನಿಮ್ಮ ಹಳೆಯ ಸರಾಸರಿ, 10 ಇರುವಲ್ಲಿ ಹಳೆಯ ಸಂಖ್ಯೆ, 30 ಇರುವಲ್ಲಿ ಹಳೆಯದು ಹೊಸದು ಸೇರಿದ ಒಟ್ಟು ಸಂಖ್ಯೆ ಹಾಕಿದರೆ ಯಾವ ಆರ್ಡರ್‌ಗೂ ಆಗುತ್ತದೆ.

ಈಗ ರೂಪಾಯಿಗೆ ಬನ್ನಿ

ಒಂದು ಪ್ಯಾನೆಲ್‌ಗೆ ಕಾಂಟ್ಯಾಕ್ಟರ್, ರಿಲೇ, ವೈರ್, ಬಾಕ್ಸ್ ಎಲ್ಲ ಸೇರಿ ಮಾಲು 18,000 ರೂಪಾಯಿ ಅಂತ ಇಟ್ಟುಕೊಳ್ಳಿ. ಕೂಲಿ ಪಿಎಫ್, ಇಎಸ್‌ಐ ಸೇರಿ ಗಂಟೆಗೆ 150. ಕರೆಂಟ್, ಸಣ್ಣಪುಟ್ಟ ಸಾಮಾನು ಅಂತ ಗಂಟೆಯ ಜೊತೆಗೇ ಏರಿಳಿಯುವ ಖರ್ಚು 50. ಬಾಡಿಗೆ, ಆಫೀಸ್ ಸಂಬಳದ ಪಾಲು ಒಂದು ಪ್ಯಾನೆಲ್‌ಗೆ 3,000. ಲಾಭ ಹತ್ತು ಪರ್ಸೆಂಟ್.

ಮೊದಲ ಆರ್ಡರ್‌ನಲ್ಲಿ ಕೂಲಿ ಮತ್ತು ಗಂಟೆಯ ಖರ್ಚು 40 × 200 = 8,000. ಎಲ್ಲ ಸೇರಿ 29,000, ಲಾಭ ಸೇರಿ ರೇಟ್ 31,900. ಈಗ ಅದೇ ಜಾಗದಲ್ಲಿ 20.8 × 200 = 4,160. ಮಾಲು ಮತ್ತು ಬಾಡಿಗೆ ಇದ್ದ ಹಾಗೇ ಇವೆ. ಒಟ್ಟು ಖರ್ಚು 25,160, ರೇಟ್ 27,676.

ನೋಡಿ, ಗಂಟೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದರೂ ರೇಟ್ ಇಳಿದಿರುವುದು 13 ಪರ್ಸೆಂಟ್ ಅಷ್ಟೇ. ತಾಮ್ರಕ್ಕೂ ಕಾಂಟ್ಯಾಕ್ಟರ್‌ಗೂ ಕೈ ಕುದುರುವುದಿಲ್ಲ ಅಲ್ವಾ. ಗಿರಾಕಿ ಕೇಳಿದಂತೆ ಇಪ್ಪತ್ತು ಇಳಿಸಿದ್ದರೆ 25,520ಕ್ಕೆ ಕೊಡಬೇಕಿತ್ತು, ಒಂದು ಪ್ಯಾನೆಲ್‌ಗೆ ಉಳಿಯುತ್ತಿದ್ದುದು 360 ರೂಪಾಯಿ. ಮೂವತ್ತಕ್ಕೆ 10,800. ಸರಿಯಾದ ರೇಟ್‌ನಲ್ಲಿ ಉಳಿಯಬೇಕಾದ್ದು 75,480.

ಬಾಡಿಗೆಯ 3,000ದ ಬಗ್ಗೆ ಸ್ವಲ್ಪ ನಿಲ್ಲಬೇಕು. ತುಂಬಾ ಕಡೆ ಬಾಡಿಗೆಯನ್ನೂ ಗಂಟೆಗೆ ಇಷ್ಟು ಅಂತ ಹಂಚಿರುತ್ತಾರೆ. ಇಲ್ಲಿ ಗಂಟೆಗೆ 75 ಆಗುತ್ತದೆ. ಆ ಲೆಕ್ಕ ಹಿಡಿದರೆ 20.8 ಗಂಟೆಗೆ ಬರುವುದು 1,560 ಮಾತ್ರ, ರೇಟ್ ಇನ್ನೂ ಇಳಿಯುತ್ತದೆ. ಆದರೆ ಬಿಲ್ಡಿಂಗ್ ಓನರ್ ಬಾಡಿಗೆ ಇಳಿಸಿಲ್ಲ. ಉಳಿದ ಗಂಟೆಗಳಿಗೆ ಬೇರೆ ಆರ್ಡರ್ ಕೈಯಲ್ಲಿದ್ದರೆ ಮಾತ್ರ 1,560 ಹಾಕಿ, ಆ ಬಾಕಿ ಬಾಡಿಗೆಯನ್ನು ಆ ಕೆಲಸ ಹೊರುತ್ತದೆ. ಇಲ್ಲದಿದ್ದರೆ 3,000ವೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಫೋರ್‌ಮನ್ ಹತ್ತಿರ ಎರಡು ಪ್ರಶ್ನೆ

ಕೊಟೇಶನ್ ಕಳಿಸುವ ಮುಂಚೆ ಶಾಪ್ ಫ್ಲೋರ್‌ಗೆ ಹೋಗಿ. ಮೊದಲ ಪ್ರಶ್ನೆ: "ಅಣ್ಣಾ, ಎಷ್ಟೇ ಕೈ ಕುದುರಿದರೂ ಒಂದು ಪ್ಯಾನೆಲ್‌ಗೆ ಕಡಿಮೆ ಅಂದರೆ ಎಷ್ಟು ಗಂಟೆ ಬೇಕು?" ಯಾಕೆಂದರೆ ಈ ಕರ್ವ್ ಪ್ರಕಾರ ನಲವತ್ತನೇ ಪ್ಯಾನೆಲ್ ಹದಿನೇಳೂವರೆ ಗಂಟೆಗೇ ಮುಗಿಯಬೇಕು. ಅವರು "ಇಪ್ಪತ್ತಕ್ಕಿಂತ ಕಡಿಮೆ ಆಗಲ್ಲ ಸಾರ್" ಅಂದರೆ ಅಲ್ಲಿಗೆ ನಿಲ್ಲಿಸಬೇಕು. ಲೆಕ್ಕದಲ್ಲಿ 26ನೇ ಪ್ಯಾನೆಲ್ ಹೊತ್ತಿಗೆ 20 ಗಂಟೆಗೆ ಬಂದಿರುತ್ತೇವೆ. 11ರಿಂದ 26ರವರೆಗೆ ಕರ್ವ್ ಪ್ರಕಾರ ಸುಮಾರು 365 ಗಂಟೆ, ಉಳಿದ 14ಕ್ಕೆ ತಲಾ 20ರಂತೆ 280. ಒಟ್ಟು 645. ಅಂದರೆ 624ಕ್ಕೆ 21 ಗಂಟೆ ಸೇರಿಸಬೇಕು.

ಎರಡನೇ ಪ್ರಶ್ನೆ: ಹೋದ ಸಲ ಮಾಡಿದ ಹುಡುಗರು ಈಗಲೂ ಇದ್ದಾರಾ? ದಸರಾ ಮುಂಚೆ ಮುಗಿದ ಆರ್ಡರ್ ಯುಗಾದಿ ಕಳೆದ ಮೇಲೆ ಮತ್ತೆ ಬಂದರೆ, ನಾಲ್ವರಲ್ಲಿ ಇಬ್ಬರು ಬೇರೆ ಕಡೆ ಸೇರಿಕೊಂಡಿದ್ದರೆ, ಕಲಿತದ್ದರಲ್ಲಿ ಒಂದು ಪಾಲು ಅವರ ಜೊತೆ ಹೋಗಿರುತ್ತದೆ. ಆಗ ನಾನು ಕರ್ವ್ ಮೇಲೆ ಹಿಂದಕ್ಕೆ ಬರುತ್ತೇನೆ. ಹತ್ತು ಮಾಡಿದ ಅನುಭವ ಅನ್ನುವ ಬದಲು ಐದು ಅಂತ ಹಿಡಿಯುತ್ತೇನೆ. ಐದಕ್ಕೆ 250 ಗಂಟೆ, ಮೂವತ್ತೈದಕ್ಕೆ ಸುಮಾರು 935, ವ್ಯತ್ಯಾಸ 685 ಗಂಟೆ. ಮೊದಲಿನ 624ಕ್ಕಿಂತ 61 ಜಾಸ್ತಿ, ಗಂಟೆಗೆ 200ರಂತೆ 12,200 ರೂಪಾಯಿ. ಐದೇ ಯಾಕೆ, ಏಳು ಯಾಕಲ್ಲ ಅಂದರೆ ಅದಕ್ಕೆ ಸೂತ್ರ ಇಲ್ಲ, ಫೋರ್‌ಮನ್ ಅಂದಾಜೇ ಆಧಾರ. ತಪ್ಪಾಯಿತೋ ಸರಿಯಾಯಿತೋ ಅನ್ನುವುದು ಬೇಗ ಗೊತ್ತಾಗುತ್ತದೆ. ಕೈ ತಪ್ಪಿಲ್ಲ ಅಂದರೆ 11ರಿಂದ 15ರವರೆಗಿನ ಐದಕ್ಕೆ 126 ಗಂಟೆ ಹತ್ತಿರ ಬರಬೇಕು. ಜಾಬ್ ಕಾರ್ಡ್‌ನಲ್ಲಿ 150 ಕಂಡರೆ ಹಳೆಯ ಎರಡನೇ ಐದರ ಜಾಗದಲ್ಲೇ ಇದ್ದೀರಿ ಅಂತ ಅರ್ಥ.

ಲಾಟ್ ಒಡೆದರೆ

ಕೊನೆಯದಾಗಿ ಕೊಟೇಶನ್‌ನಲ್ಲಿ ಬರೆಯಬೇಕಾದ ಒಂದು ಸಾಲು. 27,676 ಅನ್ನುವುದು ಮೂವತ್ತೂ ತಗೊಂಡರೆ ಬರುವ ಸರಾಸರಿ ರೇಟ್. 30ಕ್ಕೆ ಆರ್ಡರ್ ಅಂತ ಹೇಳಿ, 10 ತಗೊಂಡು ಸುಮ್ಮನಾಗುವ ಗಿರಾಕಿಗಳಿದ್ದಾರೆ. 20ಕ್ಕೆ ಒಟ್ಟು ಗಂಟೆ 640, ಅದರಲ್ಲಿ 400 ಕಳೆದರೆ ಆ ಹತ್ತಕ್ಕೆ 240, ಅಂದರೆ ಒಂದಕ್ಕೆ 24 ಗಂಟೆ. ನೀವು ಹಿಡಿದದ್ದು 20.8. ಆ ಹತ್ತರಲ್ಲೇ 6,400 ರೂಪಾಯಿ ಖರ್ಚು ನಿಮ್ಮ ಮೇಲೆ ಬಿತ್ತು.

ಹಾಗಾಗಿ ರೇಟನ್ನು ಎರಡು ಮೆಟ್ಟಿಲು ಮಾಡಿ. ಮೊದಲ 10ಕ್ಕೆ 28,380, ಆಮೇಲಿನ 20ಕ್ಕೆ 27,324. ಮೂವತ್ತೂ ತಗೊಂಡರೆ ಸರಾಸರಿ ಅದೇ 27,676 ಆಗುತ್ತದೆ, ಗಿರಾಕಿಗೆ ಒಂದು ರೂಪಾಯಿಯೂ ಜಾಸ್ತಿಯಾಗುವುದಿಲ್ಲ. ಅದರ ಕೆಳಗೆ, ಎರಡನೇ ಲಾಟ್‌ನ ಆರ್ಡರ್ ಮೊದಲ ಲಾಟ್ ಮುಗಿಯುವ ಮುಂಚೆ ಕೈಗೆ ಬಂದರೆ ಮಾತ್ರ ಈ ರೇಟ್ ಅಂತ ಸೇರಿಸಿ, ಡ್ರಾಯಿಂಗ್ ನಂಬರ್ ಮತ್ತು ರಿವಿಷನ್ ನಂಬರ್ ಕೂಡ ಬರೆದು ಕಳಿಸಿ.