ಹತ್ತೂವರೆ ಪರ್ಸೆಂಟ್ ಸಾಲ ಹನ್ನೊಂದಕ್ಕಿಂತ ದುಬಾರಿ ಆಗೋದು ಹೇಗೆ?

ಅಡಿಕೆ ಸುಗ್ಗಿ ಶುರುವಾದರೆ ಶಿವಮೊಗ್ಗದ ಮಂಡಿಗಳಲ್ಲಿ ಮಾಲಿಗಿಂತ ಮೊದಲು ದುಡ್ಡಿಗೆ ಓಡಾಟ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದ ರಾಶಿ, ಬೆಟ್ಟೆ, ಸರಕು ಎಂಬ ಬಗೆಬಗೆಯ ಅಡಿಕೆಗೆ ಬೆಳೆಗಾರರಿಗೆ ಬೇಗ ಹಣ ಕೊಡಬೇಕು. ಮಾಲು ಕೊಂಡ ಹೊರಗಿನ ವ್ಯಾಪಾರಿಯಿಂದ ಹಣ ಬರುವುದು ಎರಡು ಮೂರು ತಿಂಗಳ ನಂತರ. ನಡುವಿನ ಈ ಗ್ಯಾಪ್‌ಗೆ ಬ್ಯಾಂಕ್ ಸಾಲ ಬೇಕೇ ಬೇಕು.

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಅಡಿಕೆ ವ್ಯಾಪಾರದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ 90 ದಿನಕ್ಕೆ 1 ಕೋಟಿ ರೂಪಾಯಿ ಬೇಕು. ಕ್ವಿಂಟಲ್‌ಗೆ 50,000 ಎಂದು ಲೆಕ್ಕ ಹಾಕಿದರೆ 200 ಕ್ವಿಂಟಲ್ ಮಾಲಿನ ದುಡ್ಡು. ಮುಂದೆ ಮೂರು ಬ್ಯಾಂಕ್‌ಗಳ ಆಫರ್ ಇವೆ. ಮೊದಲನೆಯದು 11 ಪರ್ಸೆಂಟ್, ಬಡ್ಡಿ ಕೊನೆಗೆ. ಎರಡನೆಯದು 10.75 ಪರ್ಸೆಂಟ್, ಆದರೆ ಬಡ್ಡಿ ಮೊದಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಮೂರನೆಯದು 10.5 ಪರ್ಸೆಂಟ್, ಆದರೆ ಸಾಲದ ಹತ್ತನೇ ಒಂದು ಭಾಗ ಅದೇ ಬ್ಯಾಂಕಿನ ಕರೆಂಟ್ ಅಕೌಂಟ್‌ನಲ್ಲಿ ಇಟ್ಟಿರಬೇಕು. ಇವೆಲ್ಲ ಲೆಕ್ಕ ತೋರಿಸಲು ಇಟ್ಟ ದರಗಳು, ನಿಮ್ಮ ಬ್ಯಾಂಕಿನದು ಬೇರೆ ಇರಬಹುದು.

“ಸಾರ್, ಹತ್ತೂವರೆನೇ ಕಮ್ಮಿ ಅಲ್ವಾ? ಅದನ್ನೇ ತಗೋತೀನಿ” ಎನ್ನುತ್ತಾರೆ ಕಂಪನಿ ನಡೆಸುವ ಸಾವ್ಕಾರರು.

“ತಡೀರಿ, ಕೈಗೆ ಎಷ್ಟು ಬರುತ್ತೆ ಅಂತ ನೋಡಿ ಆಮೇಲೆ ಹೇಳಿ” ಎನ್ನುತ್ತಾರೆ ಆಡಿಟರ್. ಇಡೀ ಲೆಕ್ಕ ನಿಂತಿರುವುದು ಈ ಮಾತಿನ ಮೇಲೆ.

ಮೊದಲು: ಒಂದೇ ಅಳತೆಗೆ ತನ್ನಿ

ಬ್ಯಾಂಕ್ ಹೇಳುವ ದರ ಸಾಲದ ಮೊತ್ತದ ಮೇಲಿನದು. ನಿಮಗೆ ಬೇಕಿರುವುದು ಖರ್ಚು ಮಾಡಲು ನಿಜವಾಗಿ ಸಿಕ್ಕ ಹಣದ ಮೇಲಿನ ದರ. ಅದಕ್ಕೆ ಒಂದೇ ಸೂತ್ರ ಸಾಕು:

ನಿಜವಾದ ದರ = (ಕೊಟ್ಟ ಒಟ್ಟು ವೆಚ್ಚ ÷ ಬಳಸಲು ಸಿಕ್ಕ ಹಣ) × (365 ÷ ದಿನಗಳು) × 100

ಮೊದಲ ಆಫರ್‌ನಲ್ಲಿ ತಿರುವುಮುರುವು ಏನೂ ಇಲ್ಲ. 1 ಕೋಟಿ ಸಾಲ, 1 ಕೋಟಿ ಕೈಗೆ. 90 ದಿನಕ್ಕೆ ಬಡ್ಡಿ 2,71,233 ರೂಪಾಯಿ. ನಿಜವಾದ ದರವೂ 11 ಪರ್ಸೆಂಟೇ. ಕ್ವಿಂಟಲ್‌ಗೆ ಹಂಚಿದರೆ 1,356 ರೂಪಾಯಿ. ಉಳಿದೆಲ್ಲವನ್ನೂ ಇದರ ಪಕ್ಕ ಇಟ್ಟು ತೂಗೋಣ. ಬ್ಯಾಂಕ್ ಬಡ್ಡಿಯನ್ನು ಪ್ರತಿ ತಿಂಗಳ ಕೊನೆಗೆ ಡೆಬಿಟ್ ಮಾಡುತ್ತದೆ ಅಂತಾದರೆ ಇದು ಸ್ವಲ್ಪ ಜಾಸ್ತಿ ಆಗುತ್ತದೆ. ಆದ್ದರಿಂದ ಬಡ್ಡಿ ಕಟ್ಟುವುದು ಯಾವಾಗ ಎಂದು ಕೇಳಿಕೊಳ್ಳಿ.

ಬಡ್ಡಿ ಹಿಡಿದುಕೊಂಡು ಕೊಡುವ ಸಾಲ

ಇದನ್ನು ಡಿಸ್ಕೌಂಟ್ ಬಡ್ಡಿ ಎನ್ನುತ್ತಾರೆ. ನಮ್ಮಲ್ಲಿ ಬಿಲ್ ಡಿಸ್ಕೌಂಟಿಂಗ್‌ನಲ್ಲಿ ಇದೇ ರೂಢಿ. 1 ಕೋಟಿಗೆ ಸಹಿ ಹಾಕಿದರೆ 10.75 ಪರ್ಸೆಂಟ್ ಲೆಕ್ಕದಲ್ಲಿ 90 ದಿನದ ಬಡ್ಡಿ 2,65,068 ರೂಪಾಯಿ ಮೊದಲೇ ಹೋಗುತ್ತದೆ. ಅಕೌಂಟ್‌ಗೆ ಬೀಳುವುದು 97,34,932. ಅಂದರೆ ಐದು ಕ್ವಿಂಟಲ್‌ಗೂ ಜಾಸ್ತಿ ಮಾಲಿನ ದುಡ್ಡು ಕಮ್ಮಿ. ಈ ಕೊರತೆ ಗೊತ್ತಾಗುವುದು ಬೆಳೆಗಾರರಿಗೆ ಚೆಕ್ ಬರೆಯುವ ಹೊತ್ತಿಗೆ.

ಹಾಗಾಗಿ ಲೆಕ್ಕ ಹಿಂದಿನಿಂದ ಮಾಡಬೇಕು. ಕೈಗೆ 1 ಕೋಟಿ ಬೇಕಾದರೆ ಸಾಲ ಎಷ್ಟು? 90 ದಿನದ ಬಡ್ಡಿ ಸಾಲದ 2.6507 ಪರ್ಸೆಂಟ್. ಉಳಿಯುವುದು 97.3493. ಹಾಗಾದರೆ 1 ಕೋಟಿಯನ್ನು 0.973493ರಿಂದ ಭಾಗಿಸಿ. 1,02,72,286 ರೂಪಾಯಿ ಸಾಲ ಬರುತ್ತದೆ. ಬಡ್ಡಿ 2,72,286. ಸೂತ್ರಕ್ಕೆ ಹಾಕಿದರೆ 11.04 ಪರ್ಸೆಂಟ್. 10.75 ಅಂತ ಬರೆದಿದ್ದರೂ 11ರ ಸಾದಾ ಸಾಲಕ್ಕಿಂತ ಕೂದಲೆಳೆಯಷ್ಟು ದುಬಾರಿ.

90 ದಿನಕ್ಕೆ ಈ ವ್ಯತ್ಯಾಸ ಚಿಕ್ಕದು. ಅವಧಿ ಉದ್ದವಾದಷ್ಟೂ ಮೊದಲೇ ಹಿಡಿದುಕೊಳ್ಳುವ ಮೊತ್ತ ದೊಡ್ಡದು, ಅಂತರವೂ ದೊಡ್ಡದು. ಒಂದು ವರ್ಷದ ಸಾಲದಲ್ಲಿ 10.75 ಪರ್ಸೆಂಟ್ ಮೊದಲೇ ಮುರಿದುಕೊಂಡರೆ ನಿಜವಾದ ದರ 12.04 ಪರ್ಸೆಂಟ್‌ಗೆ ಏರುತ್ತದೆ.

ಅಕೌಂಟ್‌ನಲ್ಲಿ ಮಲಗುವ ದುಡ್ಡು

ಈಗ ಸಾವ್ಕಾರರ ಹತ್ತೂವರೆ. ಇಲ್ಲಿ ಬಡ್ಡಿ ಕೊನೆಗೇ. ಆದರೆ ಸಾಲದ 10 ಪರ್ಸೆಂಟ್ ಮುಟ್ಟುವ ಹಾಗಿಲ್ಲ. ಬ್ಯಾಂಕಿಂಗ್ ಭಾಷೆಯಲ್ಲಿ ಇದು ಕಾಂಪೆನ್ಸೇಟಿಂಗ್ ಬ್ಯಾಲೆನ್ಸ್. ಕೈಗೆ 1 ಕೋಟಿ ಉಳಿಯಬೇಕಾದರೆ 1 ಕೋಟಿಯನ್ನು 0.90ರಿಂದ ಭಾಗಿಸಿ 1,11,11,111 ರೂಪಾಯಿ ಸಾಲ ಮಾಡಬೇಕು. ಬಡ್ಡಿ ಪೂರ್ತಿ ಮೊತ್ತಕ್ಕೆ, 90 ದಿನಕ್ಕೆ 2,87,671. ನಿಜವಾದ ದರ 11.67 ಪರ್ಸೆಂಟ್. ಕ್ವಿಂಟಲ್‌ಗೆ 1,438 ರೂಪಾಯಿ. ಸಾದಾ ಸಾಲಕ್ಕಿಂತ 82 ರೂಪಾಯಿ ಹೆಚ್ಚು, 200 ಕ್ವಿಂಟಲ್‌ಗೆ 16,438 ರೂಪಾಯಿ. ಬೋರ್ಡ್ ಮೇಲೆ ಕಮ್ಮಿ ಕಂಡ ದರವೇ ಮೂರರಲ್ಲಿ ಜಾಸ್ತಿ.

ಆದರೆ ಇಷ್ಟಕ್ಕೇ ಆ ಬ್ಯಾಂಕನ್ನು ಬಿಟ್ಟುಬಿಡಬೇಡಿ. ಎರಡು ಪ್ರಶ್ನೆ ಕೇಳಿದರೆ ಲೆಕ್ಕ ತಲೆಕೆಳಗಾಗಬಹುದು.

ಒಂದು, ದಿನದ ವ್ಯವಹಾರಕ್ಕೆ ಆ ಅಕೌಂಟ್‌ನಲ್ಲಿ ಹೇಗೂ ಎಷ್ಟು ಇಡುತ್ತೀರಿ? ಹಮಾಲಿ, ಲಾರಿ ಬಾಡಿಗೆ, ಸಂಬಳ ಅಂತ ಸುಮ್ನೆ 5 ಲಕ್ಷ ಯಾವಾಗಲೂ ಇರುತ್ತದೆ ಎಂದುಕೊಳ್ಳಿ. ಆಗ ಆ 5 ಲಕ್ಷ ಷರತ್ತಿನ ಬ್ಯಾಲೆನ್ಸ್‌ಗೆ ಸೇರುತ್ತದೆ. 1 ಕೋಟಿಯಿಂದ 5 ಲಕ್ಷ ಕಳೆದು 0.90ರಿಂದ ಭಾಗಿಸಿದರೆ ಸಾಲ 1,05,55,556 ಸಾಕು. ಬಡ್ಡಿ 2,73,288, ದರ 11.08. ಒಂದು ಎಚ್ಚರ ಮಾತ್ರ. ಷರತ್ತು ಪ್ರತಿದಿನದ ಕನಿಷ್ಠ ಬ್ಯಾಲೆನ್ಸ್‌ಗೋ, ತಿಂಗಳ ಸರಾಸರಿಗೋ? ಸರಾಸರಿ ಆದರೆ ಒಂದು ದಿನ ಇಳಿದರೂ ಮರುದಿನ ತುಂಬಿಕೊಳ್ಳಬಹುದು. ಪ್ರತಿದಿನದ ಕನಿಷ್ಠ ಅಂತಿದ್ದರೆ ಆ ದುಡ್ಡು ನಿಮ್ಮದಾಗಿದ್ದರೂ ನಿಮ್ಮ ಕೈಗೆ ಇಲ್ಲ. ಆಗ 5 ಲಕ್ಷವನ್ನು ಲೆಕ್ಕಕ್ಕೆ ಹಿಡಿಯುವುದು ತಪ್ಪು.

ಎರಡು, ಆ ಹತ್ತು ಪರ್ಸೆಂಟನ್ನು ಕರೆಂಟ್ ಅಕೌಂಟ್ ಬದಲು ಫಿಕ್ಸೆಡ್ ಡೆಪಾಸಿಟ್‌ನಲ್ಲಿ ಇಡಬಹುದೇ? ಕರೆಂಟ್ ಅಕೌಂಟ್‌ಗೆ ಬಡ್ಡಿ ಇಲ್ಲ, ಎಫ್‌ಡಿಗೆ ಇದೆ. 11,11,111 ರೂಪಾಯಿಗೆ 6 ಪರ್ಸೆಂಟ್ ಸಿಕ್ಕರೆ 90 ದಿನಕ್ಕೆ 16,438 ರೂಪಾಯಿ ವಾಪಸ್. ಹೆಚ್ಚಾಗಿ ಕಟ್ಟುತ್ತಿದ್ದದ್ದೂ ಅಷ್ಟೇ ಅಲ್ವಾ! ನಿವ್ವಳ ವೆಚ್ಚ ಮತ್ತೆ 2,71,233ಕ್ಕೆ ಇಳಿದು, ದರ ಸರಿಯಾಗಿ 11 ಪರ್ಸೆಂಟ್ ಆಗುತ್ತದೆ. ಎಫ್‌ಡಿ ದರ 6ಕ್ಕಿಂತ ಮೇಲಿದ್ದರೆ ಈ ಆಫರ್ ಸಾದಾ ಸಾಲವನ್ನೂ ಸೋಲಿಸುತ್ತದೆ. ಮ್ಯಾನೇಜರ್ ಹತ್ತಿರ ಬಡ್ಡಿ ದರ ಇಳಿಸಿ ಎಂದು ಗೋಗರೆಯುವುದಕ್ಕಿಂತ “ಬ್ಯಾಲೆನ್ಸ್ ಬದಲು ಎಫ್‌ಡಿ ಮೇಲೆ ಲೀನ್ ಹಾಕ್ಕೊಳ್ಳಿ ಸಾರ್”, ಅಂದರೆ ಸಾಲ ತೀರುವವರೆಗೆ ಎಫ್‌ಡಿಯನ್ನೇ ಹಿಡಿದಿಟ್ಟುಕೊಳ್ಳಿ ಎಂದು ಕೇಳುವುದೇ ನನಗೆ ಸುಲಭವಾಗಿ ಕಾಣುತ್ತದೆ.

ಕೆಟ್ಟದ್ದು ಯಾವುದು ಗೊತ್ತಾ? ಎರಡೂ ಷರತ್ತು ಒಟ್ಟಿಗೆ ಬರುವುದು. 10.5 ಪರ್ಸೆಂಟ್ ಮೊದಲೇ ಮುರಿದುಕೊಂಡು, ಮೇಲಿಂದ 10 ಪರ್ಸೆಂಟ್ ಬ್ಯಾಲೆನ್ಸೂ ಇಡಿ ಎಂದರೆ ಸಾಲದ 87.41 ಪರ್ಸೆಂಟ್ ಮಾತ್ರ ಕೈಗೆ. 1 ಕೋಟಿಗಾಗಿ ಸುಮಾರು 1.14 ಕೋಟಿ ಸಾಲ, ನಿಜವಾದ ದರ 12.01.

ಪ್ರೊಸೆಸಿಂಗ್ ಫೀ ಕೂಡ ಮರೆಯಬೇಡಿ. ಸಾಲದ ಕಾಲು ಪರ್ಸೆಂಟ್ ಅಂದರೆ ಪುಟ್ಟದಾಗಿ ಕಾಣುತ್ತದೆ. 90 ದಿನದ ಸಾಲಕ್ಕೆ ಅದು ವರ್ಷದ ಲೆಕ್ಕದಲ್ಲಿ 1 ಪರ್ಸೆಂಟ್‌ಗೂ ಸ್ವಲ್ಪ ಮೇಲೆ.

ಕಮರ್ಷಿಯಲ್ ಪೇಪರ್ ನಮಗೆ ಆಗುತ್ತಾ?

ದೊಡ್ಡ ಕಂಪನಿಗಳು ಬ್ಯಾಂಕಿಗೆ ಹೋಗದೆ ನೇರವಾಗಿ ಮಾರುಕಟ್ಟೆಯಿಂದ ಎತ್ತುವ ಸಾಲ ಇದು. ಭಾರತದಲ್ಲಿ 1990ರಿಂದ ಇದೆ. ಅಡಮಾನ ಇಲ್ಲ, ಬರೀ ಹೆಸರಿನ ಮೇಲೆ. ಹಾಗಾಗಿ ನಿಯಮ ಬಿಗಿ. ಕನಿಷ್ಠ 5 ಲಕ್ಷ ಮತ್ತು ಅದರ ಗುಣಕ, ಅವಧಿ 7 ದಿನದಿಂದ ಒಂದು ವರ್ಷ, ಸಾಲ ತೀರಿಸುವ ಶಕ್ತಿ ಅಳೆದು ಏಜೆನ್ಸಿ ಕೊಡುವ ರೇಟಿಂಗ್ ಕನಿಷ್ಠ ಎ3. ಕಂಪನಿಗಳು ಹೊರಡಿಸಬಹುದು. ರಿಸರ್ವ್ ಬ್ಯಾಂಕಿನ 2024ರ ನಿರ್ದೇಶನದಂತೆ ಸಹಕಾರ ಸಂಘಕ್ಕಾದರೆ ಕನಿಷ್ಠ 100 ಕೋಟಿ ನಿವ್ವಳ ಮೌಲ್ಯ ಬೇಕು. ಒಬ್ಬರೇ ಮಾಲೀಕರಿರುವ ಮಂಡಿಗೆ ಇದರ ಬಾಗಿಲೇ ಇಲ್ಲ.

ಇದೂ ಡಿಸ್ಕೌಂಟ್‌ನಲ್ಲೇ ಮಾರಾಟ. ಆದರೆ ಬ್ಯಾಂಕಿನ ಡಿಸ್ಕೌಂಟ್ ಬಡ್ಡಿಯ ಜೊತೆ ಕಲಸಬೇಡಿ. ಯೀಲ್ಡ್ ಅಂದರೆ ಪೇಪರ್ ಕೊಂಡವರಿಗೆ ಹಾಕಿದ ಹಣದ ಮೇಲೆ ಸಿಗುವ ವರ್ಷದ ದರ. 8.5 ಪರ್ಸೆಂಟ್ ಯೀಲ್ಡ್‌ನ 5 ಲಕ್ಷದ 90 ದಿನದ ಪೇಪರ್ 4,89,736 ರೂಪಾಯಿಗೆ ಮಾರಾಟವಾಗುತ್ತದೆ. ಇಲ್ಲಿ 5 ಲಕ್ಷವನ್ನು 1.020959ರಿಂದ ಭಾಗಿಸುತ್ತಾರೆ, 5 ಲಕ್ಷದಿಂದ 8.5 ಪರ್ಸೆಂಟ್ ಕಳೆಯುವುದಿಲ್ಲ. ಹಾಗಾಗಿ ಬರೆದ ದರವೇ ನಿಜವಾದ ದರ. ಮುಖಬೆಲೆಯ ಮೇಲೆ ಕಳೆದಿದ್ದರೆ 4,89,521 ಮಾತ್ರ ಸಿಕ್ಕು ದರ 8.68 ಆಗುತ್ತಿತ್ತು.

8.5 ಎಂದರೆ 11ರ ಎದುರು ಆಸೆ ಹುಟ್ಟಿಸುತ್ತದೆ. ತೊಂದರೆ ಇರುವುದು ಮೇಲಿನ ಖರ್ಚಿನಲ್ಲಿ. ರೇಟಿಂಗ್ ಶುಲ್ಕ, ಪೇಪರ್ ಹೊರಡಿಸಿ ಹಣ ತೀರಿಸಲು ನಡುವೆ ನಿಲ್ಲುವ ಬ್ಯಾಂಕಿನ ಶುಲ್ಕ, ಡಿಮ್ಯಾಟ್, ಸ್ಟಾಂಪ್, ಕಾಗದಪತ್ರ. ಎಲ್ಲ ಸೇರಿ 3 ಲಕ್ಷ ಎಂದು ಊಹಿಸಿ. ಮೊತ್ತ 1 ಕೋಟಿ ಇರಲಿ, 10 ಕೋಟಿ ಇರಲಿ, ಇದರ ಬಹುಪಾಲು ಬದಲಾಗುವುದಿಲ್ಲ. 1 ಕೋಟಿಗೆ ಯೀಲ್ಡ್ ವೆಚ್ಚ 2,09,589, ಅದಕ್ಕೆ 3 ಲಕ್ಷ ಸೇರಿಸಿ. ನಿಜವಾದ ದರ 20.67! 10 ಕೋಟಿ ಎತ್ತಿದರೆ ಅದೇ 9.72ಕ್ಕೆ ಇಳಿಯುತ್ತದೆ. 11 ಪರ್ಸೆಂಟ್ ಸಾಲಕ್ಕೆ ಸಮ ಆಗುವ ಗೆರೆ ಸುಮಾರು 4.87 ಕೋಟಿಯಲ್ಲಿದೆ. 90 ದಿನಕ್ಕೆ ಉಳಿಯುವ 0.6164 ಪರ್ಸೆಂಟಿನಿಂದ 3 ಲಕ್ಷವನ್ನು ಭಾಗಿಸಿ ನೋಡಿ, ಸಿಗುತ್ತದೆ. ಅದೇ ರೇಟಿಂಗ್‌ನಲ್ಲಿ ವರ್ಷದಲ್ಲಿ ನಾಲ್ಕು ಸಲ ಪೇಪರ್ ಹೊರಡಿಸಿದರೆ ಗೆರೆ ಇನ್ನೂ ಕೆಳಗೆ ಬರುತ್ತದೆ.

ಇನ್ನೊಂದು ಖರ್ಚು ಕಣ್ಣಿಗೆ ಕಾಣುವುದಿಲ್ಲ. ಪೇಪರ್ ತೀರಿಸುವ ದಿನ ಪೂರ್ತಿ ಹಣ ಇರಲೇಬೇಕು, “ಒಂದು ವಾರ ತಾಳಿ” ಎನ್ನುವ ಮಾತಿಲ್ಲ. ಹೊಸ ಪೇಪರ್ ಮಾರಿ ಹಳೆಯದನ್ನು ತೀರಿಸುವ ಪ್ಲಾನ್ ಮಾರುಕಟ್ಟೆ ಕೆಟ್ಟ ದಿನ ಕೈಕೊಡುತ್ತದೆ. ಅದಕ್ಕೇ ಕಂಪನಿಗಳು ಬ್ಯಾಂಕ್ ಲಿಮಿಟ್ ಒಂದಿಷ್ಟು ಬಳಸದೆ ಖಾಲಿ ಇಟ್ಟಿರುತ್ತವೆ. ಖಾಲಿ ಲಿಮಿಟ್‌ಗೆ ಬ್ಯಾಂಕ್ ಅರ್ಧ ಪರ್ಸೆಂಟ್ ಕಮಿಟ್‌ಮೆಂಟ್ ಚಾರ್ಜ್ ಹಾಕಿದರೆ ಅದನ್ನೂ ಪೇಪರಿನ ದರಕ್ಕೆ ಸೇರಿಸಿ. ಪೇಪರಿನಷ್ಟೇ ಲಿಮಿಟ್ ಖಾಲಿ ಇಟ್ಟರೆ 10 ಕೋಟಿಗೆ 9.72 ಇದ್ದದ್ದು 10.22.

ಮಾಲು ಬೇಗ ಹೋದರೆ?

ಅಡಿಕೆಯ ದರ ಏರಿತು, 60 ದಿನಕ್ಕೇ ಮಾಲು ಮಾರಿ ಹಣ ಬಂತು ಎಂದುಕೊಳ್ಳಿ. ಸಾದಾ ಸಾಲವನ್ನು ತೀರಿಸಿಬಿಟ್ಟರೆ 60 ದಿನದ ಬಡ್ಡಿ ಮಾತ್ರ, ದರ 11ರಲ್ಲೇ ನಿಲ್ಲುತ್ತದೆ, ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಇಲ್ಲದಿದ್ದರೆ. ಮೊದಲೇ ಹಿಡಿದುಕೊಂಡ ಬಡ್ಡಿಯಲ್ಲಿ ಉಳಿದ 30 ದಿನದ್ದು ವಾಪಸ್ ಕೊಡುವುದಿಲ್ಲ ಎಂಬ ಷರತ್ತಿದ್ದರೆ, ಅದೇ 2,72,286 ರೂಪಾಯಿ 60 ದಿನಕ್ಕೆ ಹಂಚಿಹೋಗಿ ದರ 16.56ಕ್ಕೆ ಜಿಗಿಯುತ್ತದೆ. ಮಂಜೂರಾತಿ ಪತ್ರದಲ್ಲಿ ಉಳಿದ ದಿನಗಳ ಬಡ್ಡಿ ವಾಪಸ್ ಕೊಡುವ ರಿಬೇಟ್ ಸಾಲು ಇದೆಯೋ ಇಲ್ಲವೋ ಎಂದು ಸಹಿಗೆ ಮುಂಚೆ ಹುಡುಕಿ. ಇಲ್ಲದಿದ್ದರೆ ಬರೆಸಿಕೊಳ್ಳಿ.